ಖಾತೆಯಲ್ಲಿ ಹಣವಿದ್ದರೂ ಚೆಕ್ ವಾಪಸ್: ಪಾಸಿಟಿವ್ ಪೇ ಮಾಡುವುದು ಹೇಗೆ, ತಪ್ಪುವುದು ಎಲ್ಲಿ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಕಂಟ್ರಾಕ್ಟರ್‌ಗೆ 6,85,000 ರೂಪಾಯಿಯ ಚೆಕ್ ಕೊಟ್ಟಿದ್ದೆ. ಖಾತೆಯಲ್ಲಿ ಹಣ ಇತ್ತು, ಸಹಿಯೂ ಸರಿಯಾಗಿತ್ತು. ಆದರೂ ಚೆಕ್ ವಾಪಸ್ ಬಂತು. ಬ್ಯಾಂಕಿನಲ್ಲಿ ಕೇಳಿದರೆ ‘ನೀವು ಪಾಸಿಟಿವ್ ಪೇ ಮಾಡಿಲ್ಲ’ ಎಂದರು. ಏನಿದು? ಅದೇ ಚೆಕ್ಕನ್ನು ಮತ್ತೆ ಹಾಕಬಹುದೇ? ಮುಂದಿನ ಕಂತಿನ ಚೆಕ್ ಕೊಡುವಾಗ ನಾನು ಏನೇನು ಮಾಡಬೇಕು?

ಉತ್ತರ: ಮೊದಲು ತುರ್ತಿನ ವಿಷಯ. ಅದೇ ಚೆಕ್ಕನ್ನು ಮತ್ತೆ ಹಾಕಬಹುದು. ಚೆಕ್ಕಿನ ಮೇಲಿರುವ ದಿನಾಂಕದಿಂದ ಮೂರು ತಿಂಗಳು ದಾಟಿರಬಾರದು, ಹಾಳೆ ಹರಿದಿರಬಾರದು, ಅದರ ಮೇಲೆ ಯಾರೂ ಏನನ್ನೂ ತಿದ್ದಿರಬಾರದು, ಅಷ್ಟೇ. ಆದರೆ ಕ್ರಮ ತಪ್ಪಬಾರದು. ಮೊದಲು ನೀವು ಆ ಚೆಕ್ಕಿನ ವಿವರವನ್ನು ನಿಮ್ಮ ಬ್ಯಾಂಕಿಗೆ ಕೊಟ್ಟು, ಅದು ದಾಖಲಾಯಿತೆಂಬ ಸಂದೇಶ ಬಂದ ಮೇಲೆ ಕಂಟ್ರಾಕ್ಟರ್‌ಗೆ ಫೋನ್ ಮಾಡಿ ‘ಈಗ ಹಾಕಿ’ ಎನ್ನಬೇಕು. ಅವರು ಇವತ್ತೇ ಹಾಕಿ, ನೀವು ನಾಳೆ ವಿವರ ಕೊಟ್ಟರೆ ಅದು ಎರಡನೇ ಸಲವೂ ವಾಪಸ್ ಬರುತ್ತದೆ.

ಇನ್ನು ಇದು ಏನೆಂದು ನೋಡೋಣ. ನೀವು ಬರೆದ ಚೆಕ್ ಈಗ ಕಾಗದವಾಗಿ ನಿಮ್ಮ ಬ್ಯಾಂಕಿಗೆ ಬರುವುದಿಲ್ಲ. ಕಂಟ್ರಾಕ್ಟರ್ ತಮ್ಮ ಬ್ಯಾಂಕಿಗೆ ಅದನ್ನು ಕೊಡುತ್ತಾರೆ. ಆ ಬ್ಯಾಂಕು ಅದನ್ನು ಸ್ಕ್ಯಾನ್ ಮಾಡಿ, ಚಿತ್ರವನ್ನೂ ಮೊತ್ತ ಮತ್ತು ಚೆಕ್ ಸಂಖ್ಯೆಯಂಥ ವಿವರಗಳನ್ನೂ ಸಿಟಿಎಸ್ ಎಂಬ ಕ್ಲಿಯರಿಂಗ್ ವ್ಯವಸ್ಥೆಗೆ ಕಳಿಸುತ್ತದೆ. ಅಲ್ಲಿಂದ ಅದು ನಿಮ್ಮ ಬ್ಯಾಂಕಿಗೆ ತಲುಪುತ್ತದೆ. ಹಣ ಕೊಡಬೇಕಾದ ನಿಮ್ಮ ಬ್ಯಾಂಕಿನವರ ಕಣ್ಣಿಗೆ ಬೀಳುವುದು ಬರೀ ಚಿತ್ರ. ಶಾಯಿ ಅಳಿಸಿ ಮೇಲೆ ಬರೆದಿದ್ದರೆ ಕೈಯಲ್ಲಿ ಹಿಡಿದ ಕಾಗದದಲ್ಲಿ ಗೊತ್ತಾಗಬಹುದಾದ ಗುರುತು ಚಿತ್ರದಲ್ಲಿ ಕಾಣದೇ ಹೋಗಬಹುದು. ಹಾಗಾಗಿ ಚೆಕ್ ಬರೆದವರಿಂದಲೇ ‘ಹೌದು, ಇಂಥ ಸಂಖ್ಯೆಯ ಚೆಕ್ಕನ್ನು, ಇಂಥವರ ಹೆಸರಿಗೆ, ಇಷ್ಟು ಮೊತ್ತಕ್ಕೆ ನಾನು ಕೊಟ್ಟಿದ್ದೇನೆ’ ಎಂಬ ಮಾತನ್ನು ಮೊದಲೇ ಪಡೆದಿಟ್ಟುಕೊಂಡು, ಬಂದ ಚೆಕ್ಕಿನ ಜೊತೆ ತಾಳೆ ನೋಡುವ ಏರ್ಪಾಡೇ ಪಾಸಿಟಿವ್ ಪೇ.

ರಿಸರ್ವ್ ಬ್ಯಾಂಕ್ ಇದನ್ನು 2020ರ ಆಗಸ್ಟ್‌ನಲ್ಲಿ ಪ್ರಕಟಿಸಿ, ಸೆಪ್ಟೆಂಬರ್ 25ರಂದು ಸುತ್ತೋಲೆ ಹೊರಡಿಸಿತು. 2021ರ ಜನವರಿ 1ರಿಂದ ಜಾರಿಗೆ ಬಂತು. ಸುತ್ತೋಲೆಯಲ್ಲಿರುವ ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. 50,000 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಚೆಕ್ ಬರೆಯುವ ಎಲ್ಲ ಖಾತೆದಾರರಿಗೂ ಬ್ಯಾಂಕುಗಳು ಈ ಸೌಲಭ್ಯವನ್ನು ಒದಗಿಸಲೇಬೇಕು. ಬಳಸುವುದು ಬಿಡುವುದು ಖಾತೆದಾರರ ಇಚ್ಛೆ. 5,00,000 ರೂಪಾಯಿ ಮತ್ತು ಅದಕ್ಕೂ ಮೇಲಿನ ಚೆಕ್‌ಗಳಿಗೆ ಮಾತ್ರ ಬ್ಯಾಂಕುಗಳು ಬೇಕಿದ್ದರೆ ಇದನ್ನು ಕಡ್ಡಾಯ ಮಾಡಬಹುದು. ಎಷ್ಟೋ ಬ್ಯಾಂಕುಗಳು ಹಾಗೆ ಮಾಡಿವೆ. ಬ್ಯಾಂಕ್ ಆಫ್ ಬರೋಡಾ 2022ರ ಆಗಸ್ಟ್ 1ರಿಂದ 5 ಲಕ್ಷಕ್ಕೆ ಕಡ್ಡಾಯ ಮಾಡಿತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೊದಲು 10 ಲಕ್ಷಕ್ಕೆ ಮಾಡಿ, 2023ರ ಏಪ್ರಿಲ್‌ನಲ್ಲಿ ಮಿತಿಯನ್ನು 5 ಲಕ್ಷಕ್ಕೆ ಇಳಿಸಿತು. ನಿಮ್ಮ ಚೆಕ್ 6,85,000ದ್ದು. ನಿಮ್ಮ ಬ್ಯಾಂಕು 5 ಲಕ್ಷದ ಮಿತಿಯನ್ನು ಕಡ್ಡಾಯ ಮಾಡಿರುವುದರಿಂದಲೇ ಹಣ, ಸಹಿ ಎಲ್ಲ ಇದ್ದರೂ ಅದು ನಿಂತಿದೆ. ನಿಮಗೆ ಎರಡು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ಎರಡರ ಮಿತಿಯೂ ಒಂದೇ ಎಂದುಕೊಳ್ಳಬೇಡಿ. ಎರಡೂ ಕಡೆ ಕೇಳಿ ತಿಳಿದುಕೊಳ್ಳಿ.

ವಿವರ ಕೊಡುವುದು ಹೇಗೆ

ಚೆಕ್ಕನ್ನು ಪೂರ್ತಿ ಬರೆದು ಸಹಿ ಹಾಕಿ, ಅದನ್ನು ಮುಂದಿಟ್ಟುಕೊಂಡು ಈ ಕೆಲಸ ಮಾಡಿ. ಬಿಲ್ ನೋಡಿಕೊಂಡೋ ನೆನಪಿನಿಂದಲೋ ತುಂಬಬೇಡಿ. ನೆಟ್ ಬ್ಯಾಂಕಿಂಗ್ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಚೆಕ್ ಬುಕ್ ಕೇಳುವ, ಸ್ಟಾಪ್ ಪೇಮೆಂಟ್ ಮಾಡುವ ಜಾಗದಲ್ಲೇ ಸಾಮಾನ್ಯವಾಗಿ `Positive Pay` ಎಂಬ ಆಯ್ಕೆ ಇರುತ್ತದೆ. ಅದು `Cheque Services` ಅಥವಾ `Service Requests` ಒಳಗೆ ಸೇರಿಕೊಂಡಿರಬಹುದು. ಅದನ್ನು ತೆರೆದು ಖಾತೆಯನ್ನು ಆರಿಸಿದರೆ ಚೆಕ್ ಸಂಖ್ಯೆ, ದಿನಾಂಕ, ಮೊತ್ತ, ಹಣ ಪಡೆಯುವವರ ಹೆಸರು, ಇವಿಷ್ಟನ್ನು ಕೇಳುತ್ತದೆ. ಕೆಲವು ಬ್ಯಾಂಕುಗಳು ಟ್ರಾನ್ಸಾಕ್ಷನ್ ಕೋಡ್, ಎಂಐಸಿಆರ್ ಕೋಡ್ ಕೂಡ ಕೇಳುತ್ತವೆ. ಇನ್ನು ಕೆಲವು ಚೆಕ್ಕಿನ ಫೋಟೊ ಹಾಕಿ ಎನ್ನುತ್ತವೆ. ಕೊನೆಗೆ ಒಟಿಪಿ ಹಾಕಿದ ಮೇಲೆ ಒಂದು ರೆಫರೆನ್ಸ್ ಸಂಖ್ಯೆ ಸಿಗುತ್ತದೆ.

ಈ ಕೋಡ್‌ಗಳೆಲ್ಲ ಎಲ್ಲಿವೆ ಎಂದು ಹುಡುಕಾಡಬೇಕಾಗಿಲ್ಲ. ಚೆಕ್ಕಿನ ಅಡಿಯಲ್ಲಿ ಬಿಳಿ ಪಟ್ಟಿಯ ಮೇಲೆ ವಿಚಿತ್ರ ಆಕಾರದ ಅಂಕಿಗಳ ಒಂದು ಸಾಲು ಇರುತ್ತದಲ್ಲ, ಎಲ್ಲವೂ ಅದರಲ್ಲೇ ಇವೆ. ಬೆಂಗಳೂರಿನ ಒಂದು ಶಾಖೆಯ ಉಳಿತಾಯ ಖಾತೆಯ ಚೆಕ್ಕಿನ ಸಾಲು ಹೀಗಿರಬಹುದು:

```
000417   560xxxxxx   xxxxxx   31
```

ಎಡಗಡೆಯ ಆರು ಅಂಕಿ ಚೆಕ್ ಸಂಖ್ಯೆ. ಮುಂದಿನ ಒಂಬತ್ತು ಅಂಕಿ ಎಂಐಸಿಆರ್ ಕೋಡ್: ಅದರಲ್ಲಿ ಮೊದಲ ಮೂರು ಊರಿಗೆ, ನಡುವಿನ ಮೂರು ಬ್ಯಾಂಕಿಗೆ, ಕೊನೆಯ ಮೂರು ಶಾಖೆಗೆ ಸೇರಿದವು. ಅದಾದ ಮೇಲೆ ಬರುವ ಆರು ಅಂಕಿ ಖಾತೆಗೆ ಸಂಬಂಧಿಸಿದ್ದು. ಅದು ನಿಮ್ಮ ಪೂರ್ತಿ ಖಾತೆ ಸಂಖ್ಯೆ ಅಲ್ಲ, ಅದನ್ನು ಖಾತೆ ಸಂಖ್ಯೆಯ ಜಾಗದಲ್ಲಿ ತುಂಬಬೇಡಿ. ಬಲತುದಿಯ ಎರಡು ಅಂಕಿಯೇ ಟ್ರಾನ್ಸಾಕ್ಷನ್ ಕೋಡ್. ಎಲ್ಲ ಊರುಗಳಲ್ಲೂ ನಡೆಯುವ ಉಳಿತಾಯ ಖಾತೆಯ ಚೆಕ್ಕಿಗೆ 31, ಚಾಲ್ತಿ ಖಾತೆಯದಕ್ಕೆ 29 ಎಂದು ಸಾಮಾನ್ಯವಾಗಿ ಇರುತ್ತದೆ. ನಿಮ್ಮ ಹಾಳೆಯ ಮೇಲೆ ಏನಿದೆಯೋ ಅದನ್ನೇ ಹಾಕಿ. ಚೆಕ್ ಸಂಖ್ಯೆಯ ಮುಂದಿನ ಸೊನ್ನೆಗಳನ್ನೂ ಬಿಡದೆ 000417 ಎಂದೇ ತುಂಬಿ.

ನಿಮ್ಮ ಚೆಕ್ಕನ್ನೇ ಉದಾಹರಣೆಗೆ ಇಟ್ಟುಕೊಂಡರೆ ಪರದೆಯ ಮೇಲೆ ತುಂಬಿದ್ದು ಹೀಗೆ ಕಾಣಬೇಕು:

```
Cheque No    : 000417
Cheque Date  : 05-02-2026
Amount       : 685000.00
Payee Name   : BASAVARAJU S
Txn Code     : 31
```

ಹೆಸರು ಇಲ್ಲಿ ಉದಾಹರಣೆಗೆ ಹಾಕಿದ್ದು. ದಿನಾಂಕದ ಜಾಗದಲ್ಲಿ ಚೆಕ್ಕಿನ ಮೇಲೆ ಬರೆದ ದಿನಾಂಕ ಬರಬೇಕು. ನೀವು ಆ್ಯಪ್ ತೆರೆದ ದಿನದ್ದಲ್ಲ. ಹಲವು ಆ್ಯಪ್‌ಗಳಲ್ಲಿ ಕ್ಯಾಲೆಂಡರ್ ತೆರೆದಾಗ ಇವತ್ತಿನ ತಾರೀಖೇ ಮೊದಲು ಬರುವುದರಿಂದ ಗಮನಿಸದೆ ‘ಮುಂದೆ’ ಒತ್ತಿಬಿಡುತ್ತಾರೆ. ತಾಳೆಯಾಗದ ದಾಖಲೆಗಳಲ್ಲಿ ಇದು ಬಹಳ ಸಾಮಾನ್ಯ.

ಮೊಬೈಲ್ ಬಳಸದವರು ಶಾಖೆಗೆ ಹೋಗಿ ಫಾರಂ ತುಂಬಿ ಕೊಡಬಹುದು. ಅಲ್ಲಿ ಫಾರಂ ಕೊಟ್ಟು ಬಂದರೆ ಸಾಲದು. ಸಿಬ್ಬಂದಿ ಅದನ್ನು ಕಂಪ್ಯೂಟರಿಗೆ ಏರಿಸುವವರೆಗೆ ನಿಮ್ಮ ಮಾತು ದಾಖಲಾದಂತಲ್ಲ. ಮಧ್ಯಾಹ್ನ ಕೊಟ್ಟ ಫಾರಂ ಸಂಜೆಯವರೆಗೂ ಮೇಜಿನ ಮೇಲೆ ಉಳಿದಿರಬಹುದು. ಮೊಬೈಲಿಗೆ ಸಂದೇಶ ಬಂದ ಮೇಲೆಯೇ ಚೆಕ್ ಕೈದಾಟಿಸಿ, ಇಲ್ಲವೇ ಸ್ವೀಕೃತಿಯ ಮೇಲೆ ರೆಫರೆನ್ಸ್ ಸಂಖ್ಯೆ ಬರೆಸಿಕೊಂಡು ಬನ್ನಿ.

ಜಂಟಿ ಖಾತೆಯವರಿಗೆ ಒಂದು ಮಾತು. ‘ಇಬ್ಬರೂ ಸಹಿ ಮಾಡಬೇಕು’ ಎಂಬ ಷರತ್ತಿನ ಖಾತೆಗಳಿಗೆ ಅನೇಕ ಬ್ಯಾಂಕುಗಳು ನೆಟ್ ಬ್ಯಾಂಕಿಂಗ್‌ನಲ್ಲಿ ಖಾತೆ ನೋಡಲು ಮಾತ್ರ ಬಿಡುತ್ತವೆ. ಅಂಥವರಿಗೆ ಪಾಸಿಟಿವ್ ಪೇ ಆಯ್ಕೆ ಕಾಣದಿರಬಹುದು, ಕಂಡರೂ ಮುಂದೆ ಹೋಗದಿರಬಹುದು. ಆಗ ಇಬ್ಬರ ಸಹಿಯಿರುವ ಫಾರಂ ಶಾಖೆಗೆ ಕೊಡುವುದೇ ದಾರಿ. ಸಂಘ, ಟ್ರಸ್ಟ್, ಪಾಲುದಾರಿಕೆ ಸಂಸ್ಥೆಗಳಲ್ಲೂ ಹೀಗೆಯೇ: ಒಬ್ಬರು ವಿವರ ತುಂಬಿ ಇನ್ನೊಬ್ಬರು ಒಪ್ಪಿಗೆ ಕೊಡುವ ಪದ್ಧತಿ ಇದ್ದರೆ, ಎರಡನೆಯವರು ಒಪ್ಪಿಗೆ ಒತ್ತುವವರೆಗೆ ಬ್ಯಾಂಕಿನ ಮಟ್ಟಿಗೆ ಏನೂ ನಡೆದಿಲ್ಲ. ‘ನಾನು ಹಾಕಿದ್ದೇನಲ್ಲ’ ಎಂದು ಲೆಕ್ಕಪತ್ರದವರು ಹೇಳುತ್ತಾರೆ, ದಾಖಲೆ ಮಾತ್ರ ಒಪ್ಪಿಗೆಗಾಗಿ ಕಾಯುತ್ತಾ ಇರುತ್ತದೆ.

ಹೆಸರು ಮತ್ತು ಮೊತ್ತ

ನಮ್ಮ ಕಡೆಯ ಹೆಸರುಗಳಲ್ಲಿ ತೊಡಕು ಜಾಸ್ತಿ. ಚೆಕ್ಕಿನ ಮೇಲೆ `BASAVARAJ S` ಎಂದು ಬರೆದು ಆ್ಯಪ್‌ನಲ್ಲಿ `S BASAVARAJU` ಎಂದು ತುಂಬುವುದು, ಅಂಗಡಿಯ ಹೆಸರಿನ ಮುಂದಿನ ‘ಶ್ರೀ’ಯನ್ನು ಒಂದು ಕಡೆ `Sri`, ಇನ್ನೊಂದು ಕಡೆ `Shree` ಎಂದು ಬರೆಯುವುದು, ಚೆಕ್ಕಿನಲ್ಲಿ `M/s` ಇದ್ದು ಆ್ಯಪ್‌ನಲ್ಲಿ ಬಿಟ್ಟುಬಿಡುವುದು, ಇಂಥವೆಲ್ಲ ದಿನನಿತ್ಯದ್ದು. ಇಂಥ ಸಣ್ಣ ವ್ಯತ್ಯಾಸವನ್ನು ಬ್ಯಾಂಕಿನವರು ನೋಡಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ತಾಳೆಯಾಗದ್ದನ್ನು ವ್ಯವಸ್ಥೆ ಎರಡೂ ಬ್ಯಾಂಕುಗಳ ಗಮನಕ್ಕೆ ತರುತ್ತದೆ, ಮುಂದಿನ ತೀರ್ಮಾನ ನಿಮ್ಮ ಬ್ಯಾಂಕಿನದು. ಆ ತೀರ್ಮಾನಕ್ಕೆ ಎಡೆ ಕೊಡದಿರುವುದೇ ಒಳ್ಳೆಯದು. ಚೆಕ್ಕಿನ ಮೇಲೆ ಅಕ್ಷರ ಅಕ್ಷರವಾಗಿ ಏನಿದೆಯೋ ಅದನ್ನೇ ತುಂಬಿ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಕಂಟ್ರಾಕ್ಟರ್‌ ಅವರ ಪರಿಚಯದ ಹೆಸರು, ಅವರ ವ್ಯವಹಾರದ ಹೆಸರು, ಬ್ಯಾಂಕಿನ ಖಾತೆಯಲ್ಲಿರುವ ಹೆಸರು ಮೂರೂ ಬೇರೆ ಬೇರೆ ಇರಬಹುದು. ಖಾತೆಯಲ್ಲಿ ಹೆಸರು ಹೇಗಿದೆ ಎಂದು ಅವರ ಪಾಸ್‌ಬುಕ್ಕಿನ ಮೊದಲ ಪುಟದ ಅಥವಾ ರದ್ದು ಮಾಡಿದ ಒಂದು ಚೆಕ್ಕಿನ ಫೋಟೊ ತರಿಸಿಕೊಂಡು ನೋಡಿ, ಅದೇ ಹೆಸರಿಗೆ ಚೆಕ್ ಬರೆಯಿರಿ. ತಪ್ಪು ಹೆಸರಿಗೆ ಬರೆದ ಚೆಕ್ಕಿನ ವಿವರವನ್ನು ನೀವು ಎಷ್ಟೇ ಸರಿಯಾಗಿ ದಾಖಲಿಸಿದರೂ ಅವರ ಬ್ಯಾಂಕು ಅದನ್ನು ಅವರ ಖಾತೆಗೆ ತೆಗೆದುಕೊಳ್ಳುವುದಿಲ್ಲ.

ಚೆಕ್ಕನ್ನು ಕನ್ನಡದಲ್ಲಿ ಬರೆಯಲು ನಿಮಗೆ ಹಕ್ಕಿದೆ, ಬ್ಯಾಂಕು ಅದನ್ನು ಸ್ವೀಕರಿಸಲೇಬೇಕು. ಆದರೆ ಪಾಸಿಟಿವ್ ಪೇ ಪುಟಗಳಲ್ಲಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ತುಂಬಬೇಕಾಗಿ ಬರುವುದು ಸಾಮಾನ್ಯ. ಹಾಗಾದಾಗ ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್. ನೋಡುವ ಸಿಬ್ಬಂದಿ ಬೇರೆ ರಾಜ್ಯದಲ್ಲಿ ಕುಳಿತಿದ್ದರೆ ಎರಡನ್ನೂ ಹೋಲಿಸುವುದು ಅವರಿಗೆ ಕಷ್ಟ. ಕನ್ನಡದಲ್ಲೇ ಬರೆಯುವವರು ಅಂಥ ದೊಡ್ಡ ಚೆಕ್ಕಿನ ವಿವರವನ್ನು ತಮ್ಮ ಶಾಖೆಯ ಮೂಲಕ ದಾಖಲಿಸಿ, ‘ಚೆಕ್ ಕನ್ನಡದಲ್ಲಿದೆ’ ಎಂದು ಅಲ್ಲಿ ತಿಳಿಸಿಬಿಡುವುದು ಕ್ಷೇಮ. ಏನಾದರೂ ಅನುಮಾನ ಬಂದರೆ ಕೇಳಲು ಶಾಖೆಯಲ್ಲಿ ಒಬ್ಬರಾದರೂ ಇರುತ್ತಾರೆ.

ಮೊತ್ತದ ತಪ್ಪು ಆಗುವುದು ಇನ್ನೊಂದು ಬಗೆಯಲ್ಲಿ. ಕಂಟ್ರಾಕ್ಟರ್ ಬಿಲ್ 7,00,000 ಎಂದುಕೊಳ್ಳಿ. ಉಳಿದಿರುವ ಸಣ್ಣಪುಟ್ಟ ಕೆಲಸಕ್ಕೆಂದು 15,000 ಹಿಡಿದಿಟ್ಟುಕೊಂಡು 6,85,000ಕ್ಕೆ ಚೆಕ್ ಬರೆದಿದ್ದೀರಿ. ದಾಖಲಿಸುವಾಗ ಬಿಲ್ ಮುಂದಿದ್ದರೆ ಕೈ ತಾನಾಗಿ 700000 ಎಂದು ಒತ್ತುತ್ತದೆ. ಇನ್ನೊಂದು, ಸೊನ್ನೆ ಹೆಚ್ಚುಕಡಿಮೆಯಾಗುವುದು. ಆ್ಯಪ್‌ನಲ್ಲಿ ಲಕ್ಷದ ಅಲ್ಪವಿರಾಮ ಕಾಣದಿದ್ದರೆ 685000 ಮತ್ತು 6850000 ಒಂದೇ ನೋಟದಲ್ಲಿ ಬೇರೆಯೆನಿಸುವುದಿಲ್ಲ. ಒಟಿಪಿ ಹಾಕುವ ಮೊದಲು ಬರುವ ಪರದೆಯಲ್ಲಿ ಮೊತ್ತವನ್ನು ಗಟ್ಟಿಯಾಗಿ ಓದಿಕೊಳ್ಳಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ಖಚಿತಪಡಿಸಿದ ದಾಖಲೆಯನ್ನು ತಿದ್ದಲು ಅಥವಾ ಅಳಿಸಲು ಅನೇಕ ಬ್ಯಾಂಕುಗಳು ಬಿಡುವುದಿಲ್ಲ. ದಾಖಲೆಗೆ ಹೊಂದಿಸಲೆಂದು ಚೆಕ್ಕನ್ನು ತಿದ್ದುವಂತೆಯೂ ಇಲ್ಲ. ಸಿಟಿಎಸ್‌ನಲ್ಲಿ ಹೋಗುವ ಚೆಕ್ಕಿನ ಮೇಲೆ ಹೆಸರು, ಮೊತ್ತಗಳನ್ನು ಹೊಡೆದು ಬರೆದರೆ, ಪಕ್ಕದಲ್ಲಿ ಸಹಿ ಹಾಕಿದ್ದರೂ ನಡೆಯುವುದಿಲ್ಲ. ಹಾಗಾಗಿ ತಪ್ಪು ದಾಖಲಾಗಿದೆ ಎಂದು ಗೊತ್ತಾದ ಕೂಡಲೇ ಚೆಕ್ಕನ್ನು ಕೊಡದೆ ಶಾಖೆಗೆ ಫೋನ್ ಮಾಡಿ. ಅವರು ದಾಖಲೆಯನ್ನು ರದ್ದು ಮಾಡಿ ಹೊಸದಾಗಿ ಹಾಕಲು ಸಾಧ್ಯವೆಂದರೆ ಸರಿ. ಇಲ್ಲವೆಂದರೆ ಆ ಹಾಳೆಗೆ ಅಡ್ಡಗೆರೆ ಎಳೆದು ರದ್ದು ಮಾಡಿ, ಆ ಸಂಖ್ಯೆಗೆ ಸ್ಟಾಪ್ ಪೇಮೆಂಟ್ ಹಾಕಿ, ಮುಂದಿನ ಹಾಳೆಯಲ್ಲಿ ಹೊಸ ಚೆಕ್ ಬರೆದು ಅದರ ವಿವರ ದಾಖಲಿಸಿ.

ಯಾವಾಗ ದಾಖಲಿಸಬೇಕು

ಚೆಕ್ ಕೈದಾಟುವ ಮೊದಲು. ಇದನ್ನು ಹಿಂದೆಯೂ ಹೇಳುತ್ತಿದ್ದರು, ಆದರೆ ಆಗ ಸ್ವಲ್ಪ ಸಡಿಲವಿತ್ತು. ಇವತ್ತು ಹಾಕಿದ ಚೆಕ್ ಒಂದು ಕಂತೆಯಲ್ಲಿ ಸೇರಿ, ತೀರ್ಮಾನವಾಗುವ ಹೊತ್ತಿಗೆ ಮಾರನೇ ದಿನ ಆಗುತ್ತಿದ್ದುದರಿಂದ ರಾತ್ರಿ ನೆನಪಾಗಿ ದಾಖಲಿಸಿದರೂ ಕೆಲವೊಮ್ಮೆ ಪಾರಾಗುತ್ತಿತ್ತು. 2025ರ ಅಕ್ಟೋಬರ್ 4ರಿಂದ ಆ ಪದ್ಧತಿ ಹೋಯಿತು. ಈಗ ಚೆಕ್‌ಗಳನ್ನು ಬಂದಹಾಗೇ ಸ್ಕ್ಯಾನ್ ಮಾಡಿ ಕಳಿಸುತ್ತಾರೆ, ಹಣ ಕೊಡಬೇಕಾದ ಬ್ಯಾಂಕು ಅದೇ ದಿನ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಬೆಳಿಗ್ಗೆ ಕಂಟ್ರಾಕ್ಟರ್ ಬ್ಯಾಂಕಿಗೆ ಕೊಟ್ಟ ಚೆಕ್ ಮಧ್ಯಾಹ್ನದ ಊಟದ ಹೊತ್ತಿಗಾಗಲೇ ನಿಮ್ಮ ಬ್ಯಾಂಕಿನಲ್ಲಿ ತಿರಸ್ಕೃತವಾಗಿರಬಹುದು. ‘ಸಂಜೆ ಮನೆಗೆ ಹೋಗಿ ಮಾಡುತ್ತೇನೆ’ ಎನ್ನುವಷ್ಟು ಬಿಡುವು ಉಳಿದಿಲ್ಲ.

ಚೆಕ್ ಹಾಕುವುದಕ್ಕಿಂತ ಒಂದು ಕೆಲಸದ ದಿನ ಮೊದಲೇ ದಾಖಲಿಸಿ ಎಂದು ಹಲವು ಬ್ಯಾಂಕುಗಳು ಕೇಳುತ್ತವೆ. ಆ ಲೆಕ್ಕ ಇಟ್ಟುಕೊಳ್ಳುವುದೇ ಸರಿ. ಶನಿವಾರ ಸಂಜೆ ದಾಖಲಿಸಿ ಸೋಮವಾರ ಬೆಳಿಗ್ಗೆ ಹಾಕಿಸಿದರೆ ನಡುವೆ ಕೆಲಸದ ದಿನವೇ ಬಂದಿರುವುದಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಮುಂದಿನ ದಿನಾಂಕದ ಚೆಕ್ ಕೊಡುವವರು ಒಂದು ವಿಷಯ ಪರೀಕ್ಷಿಸಬೇಕು. ಕೆಲವು ಆ್ಯಪ್‌ಗಳು ಮುಂದಿನ ದಿನಾಂಕವನ್ನು ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಚೆಕ್ ಕೊಡುವ ದಿನವೇ ದಾಖಲಿಸಿಬಿಡಿ. ಇಲ್ಲದಿದ್ದರೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಮತ್ತು ‘ನಾನು ಹೇಳಿದ ಮೇಲೆ ಹಾಕಿ’ ಎಂದು ಪಡೆದವರಿಗೆ ಸ್ಪಷ್ಟವಾಗಿ ತಿಳಿಸಿ. ಕಂಟ್ರಾಕ್ಟರ್‌ಗೆ ಮೂರು ಕಂತಿನ ಮೂರು ಚೆಕ್ ಒಟ್ಟಿಗೆ ಕೊಟ್ಟಿದ್ದರೆ ಮೂರಕ್ಕೂ ಬೇರೆ ಬೇರೆ ದಾಖಲೆ ಬೇಕು. ಒಂದು ಚೆಕ್ಕಿಗೆ ಮಾಡಿದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

50,000ದಿಂದ 5 ಲಕ್ಷದ ನಡುವಿನ ಚೆಕ್‌ಗಳು

ನಿಮ್ಮ ಪ್ರಶ್ನೆಯಲ್ಲಿ ಇದು ಇಲ್ಲ. ಆದರೆ ಮನೆ ಕಟ್ಟಿಸುವವರು ಬರೆಯುವ ಹೆಚ್ಚಿನ ಚೆಕ್‌ಗಳು ಈ ಮಿತಿಯೊಳಗೇ ಇರುವುದರಿಂದ ಹೇಳಲೇಬೇಕು. ಕಡ್ಡಾಯವಿಲ್ಲವೆಂದು ಇವನ್ನು ಬಿಟ್ಟುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಅಪಾಯ ಇರುವುದು ಇಲ್ಲೇ.

ಕಬ್ಬಿಣದ ಅಂಗಡಿಗೆ 68,500 ರೂಪಾಯಿಯ ಚೆಕ್ ಬರೆದಿದ್ದೀರಿ ಎಂದುಕೊಳ್ಳಿ. ಅಕ್ಷರದಲ್ಲಿ ಬರೆಯುವ ಸಾಲಿನ ಎಡಗಡೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೀರಿ, ಅಂಕಿಯ ಚೌಕದಲ್ಲೂ 6ರ ಹಿಂದೆ ಜಾಗವಿದೆ. ಚೆಕ್ ಬೇರೆಯವರ ಕೈಗೆ ಬಿದ್ದು, ಅವರು ಅಂಕಿಯ ಹಿಂದೆ 6 ಸೇರಿಸಿ, ಅಕ್ಷರದ ಹಿಂದೆ ‘ಆರು ಲಕ್ಷ’ ಸೇರಿಸಿದರೆ ಅದು 6,68,500 ಆಗುತ್ತದೆ. ಈ ಮೊತ್ತಕ್ಕೆ ದಾಖಲೆ ಕಡ್ಡಾಯ. ದಾಖಲೆ ಇಲ್ಲ, ಹಾಗಾಗಿ ಚೆಕ್ ನಿಲ್ಲುತ್ತದೆ. ನೀವು ಏನೂ ಮಾಡದಿದ್ದರೂ ಕಡ್ಡಾಯದ ನಿಯಮ ನಿಮ್ಮನ್ನು ಕಾಪಾಡಿತು. ನಿಮ್ಮ ಚೆಕ್ ಬುಕ್ಕಿನ ಬರೆಯದ ಹಾಳೆಯೊಂದರ ನಕಲು ಮಾಡಿ ಹತ್ತು ಲಕ್ಷಕ್ಕೆ ಹಾಕಿದರೂ ಹೀಗೆಯೇ ತಡೆ ಬೀಳುತ್ತದೆ.

ಅದೇ ವ್ಯಕ್ತಿ 6ರ ಬದಲು 4 ಸೇರಿಸಿದರೆ? 4,68,500. ಐದು ಲಕ್ಷಕ್ಕಿಂತ ಕಡಿಮೆ, ದಾಖಲೆ ಕಡ್ಡಾಯವಲ್ಲ. ಸಹಿ ನಿಮ್ಮದೇ. ಖಾತೆಯಲ್ಲಿ ಹಣವಿದ್ದರೆ ಪಾಸಾಗುವ ಸಾಧ್ಯತೆಯೇ ಹೆಚ್ಚು. 68,500ಕ್ಕೆ ನೀವು ದಾಖಲಿಸಿದ್ದರೆ ಮಾತ್ರ ಮೊತ್ತ ತಾಳೆಯಾಗದೆ ಅದು ಸಿಕ್ಕಿಬೀಳುತ್ತಿತ್ತು.

ಸುತ್ತೋಲೆಯ ಇನ್ನೊಂದು ಸಾಲೂ ಈ ಚೆಕ್‌ಗಳಿಗೆ ಸಂಬಂಧಿಸಿದ್ದು. ಪಾಸಿಟಿವ್ ಪೇ ನಿಯಮದಂತೆ ನಡೆದ ಚೆಕ್‌ಗಳನ್ನು ಮಾತ್ರ ಸಿಟಿಎಸ್‌ನ ವ್ಯಾಜ್ಯ ಪರಿಹಾರ ವ್ಯವಸ್ಥೆಯಲ್ಲಿ ತೆಗೆದುಕೊಳ್ಳಲಾಗುತ್ತದೆ. ಅಂದರೆ ಮೋಸದ ಚೆಕ್ ಪಾಸಾಗಿ ಹಣ ಹೋದ ಮೇಲೆ, ನಿಮ್ಮ ಬ್ಯಾಂಕು ಆ ಚೆಕ್ ಹಾಕಿಸಿಕೊಂಡ ಬ್ಯಾಂಕಿನ ಮೇಲೆ ಆ ವೇದಿಕೆಯಲ್ಲಿ ದೂರು ಒಯ್ಯಬೇಕಾದರೆ ನಿಮ್ಮ ದಾಖಲೆ ಇರಬೇಕು. ದಾಖಲೆ ಇಲ್ಲದಿದ್ದರೂ ನಿಮ್ಮ ಬ್ಯಾಂಕಿಗೂ ಪೊಲೀಸರಿಗೂ ದೂರು ಕೊಡುವ ನಿಮ್ಮ ದಾರಿ ಮುಚ್ಚುವುದಿಲ್ಲ. ಆದರೆ ಹಣ ಹಿಂದೆ ಬರುವ ಒಂದು ಮುಖ್ಯ ಬಾಗಿಲು ಮುಚ್ಚಿರುತ್ತದೆ. ಎರಡು ನಿಮಿಷದ ಕೆಲಸಕ್ಕೆ ಅಷ್ಟು ಕಳೆದುಕೊಳ್ಳಬಾರದು ಎಂಬುದು ನನ್ನ ಖಚಿತ ಸಲಹೆ: 50,000 ದಾಟಿದ ಪ್ರತಿ ಚೆಕ್ಕನ್ನೂ ದಾಖಲಿಸಿ.

ಇದರ ಜೊತೆ ಬರೆಯುವ ಅಭ್ಯಾಸವೂ ಬಿಗಿಯಾಗಿರಲಿ. ಅಕ್ಷರದ ಸಾಲನ್ನು ಎಡತುದಿಗೆ ಒತ್ತಿ ಶುರುಮಾಡಿ, ‘ಮಾತ್ರ’ ಎಂದು ಮುಗಿಸಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಅಂಕಿಯನ್ನು ರೂಪಾಯಿ ಗುರುತಿಗೆ ಅಂಟಿದಂತೆ ಬರೆಯಿರಿ.

ದಾಖಲಿಸಿದ ಮೇಲೂ ವಾಪಸ್ ಬಂದರೆ

ಪಾಸಿಟಿವ್ ಪೇ ಎಂದರೆ ಹಣ ಕೊಡುವ ಖಾತ್ರಿ ಅಲ್ಲ. ಸಹಿ, ಖಾತೆಯಲ್ಲಿರುವ ಹಣ, ದಿನಾಂಕ ಎಲ್ಲವನ್ನೂ ಬ್ಯಾಂಕು ಎಂದಿನಂತೆ ನೋಡುತ್ತದೆ. ನೀವು ಸ್ಟಾಪ್ ಪೇಮೆಂಟ್ ಹಾಕಿದರೆ ಪಾಸಿಟಿವ್ ಪೇ ದಾಖಲೆ ಇದ್ದರೂ ಚೆಕ್ ನಿಲ್ಲುತ್ತದೆ. ಹಾಗಾಗಿ ವಾಪಸ್ ಬಂದಾಗ ಮೊದಲು ರಿಟರ್ನ್ ಮೆಮೊದಲ್ಲಿ ಬರೆದ ಕಾರಣ ಓದಿ. ಆ ಚೀಟಿ ಚೆಕ್ಕಿನ ಜೊತೆ ಕಂಟ್ರಾಕ್ಟರ್‌ಗೆ ಹೋಗಿರುತ್ತದೆ, ಅವರಿಂದ ಫೋಟೊ ತರಿಸಿಕೊಳ್ಳಿ. ಕಾರಣ ಪಾಸಿಟಿವ್ ಪೇ ಎಂದಿದ್ದರೆ ನಿಮ್ಮ ರೆಫರೆನ್ಸ್ ಸಂಖ್ಯೆ ಹಿಡಿದು ಶಾಖೆಯಲ್ಲಿ ಎರಡು ಪ್ರಶ್ನೆ ಕೇಳಿ: ದಾಖಲೆ ತಲುಪಿರಲಿಲ್ಲವೇ, ಅಥವಾ ತಲುಪಿ ತಾಳೆಯಾಗಲಿಲ್ಲವೇ? ತಾಳೆಯಾಗಲಿಲ್ಲವೆಂದರೆ ಯಾವ ವಿವರ? ಮೊತ್ತವನ್ನು ಕಂಟ್ರಾಕ್ಟರ್‌ನ ಬ್ಯಾಂಕಿನಲ್ಲಿ ತಪ್ಪಾಗಿ ಒತ್ತಿದ್ದರೂ ಹೀಗಾಗುತ್ತದೆ, ಆಗ ನಿಮ್ಮ ಕಡೆ ಸರಿಮಾಡುವಂಥದ್ದು ಏನೂ ಇರುವುದಿಲ್ಲ.

ಚೆಕ್ ವಾಪಸಾತಿಯ ಶುಲ್ಕವನ್ನು ಗ್ರಾಹಕರ ತಪ್ಪಿದ್ದಾಗ ಮಾತ್ರ ಹಾಕಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನೀವು ಸಮಯಕ್ಕೆ ಸರಿಯಾಗಿ ದಾಖಲಿಸಿದ್ದೂ ಶುಲ್ಕ ಕಡಿದಿದ್ದರೆ ರೆಫರೆನ್ಸ್ ಸಂಖ್ಯೆ ಮತ್ತು ಸಂದೇಶದ ಸಮಯ ತೋರಿಸಿ ಲಿಖಿತವಾಗಿ ವಾಪಸ್ ಕೇಳಿ. ಈಗಿನ ಚೆಕ್ಕಿನ ವಿಷಯದಲ್ಲಿ ನೀವು ದಾಖಲಿಸಿಯೇ ಇರಲಿಲ್ಲವಾದ್ದರಿಂದ ಆ ವಾದ ಕಷ್ಟ.

ಚೆಕ್ ಬೌನ್ಸ್ ಎಂದರೆ ಕೇಸು ಎಂದು ಕಂಟ್ರಾಕ್ಟರ್ ಹೇಳಬಹುದು. ವರ್ಗಾವಣೀಯ ಲಿಖಿತ ಪತ್ರಗಳ ಕಾಯ್ದೆಯ 138ನೇ ಕಲಂ ಮುಖ್ಯವಾಗಿ ಹೇಳುವುದು ಖಾತೆಯಲ್ಲಿ ಹಣ ಸಾಲದೆ ವಾಪಸ್ ಬಂದ ಚೆಕ್ಕಿನ ಬಗ್ಗೆ. ಚೆಕ್ ವಾಪಸ್ ಬಂದ ದಿನ ಖಾತೆಯಲ್ಲಿ ಪೂರ್ತಿ ಹಣವಿತ್ತು ಎಂಬುದಕ್ಕೆ ಆ ದಿನದ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳಿ. ಅದರ ಮೇಲೆ ಭರವಸೆಯಿಟ್ಟು ಸುಮ್ಮನೆ ಕೂರುವುದಂತೂ ಬೇಡ. ಲಿಖಿತ ನೋಟಿಸ್ ಬಂದರೆ, ಅದು ಕೈಸೇರಿದ 15 ದಿನದೊಳಗೆ ಹಣ ಕೊಟ್ಟುಬಿಟ್ಟರೆ ಆ ಕಲಂನಡಿ ಅಪರಾಧವೇ ಆಗುವುದಿಲ್ಲ. ಅವರಿಗೆ ತುರ್ತಿದ್ದರೆ ಇವತ್ತೇ ಆರ್‌ಟಿಜಿಎಸ್ ಮಾಡಿ, ಹಳೆಯ ಚೆಕ್ಕನ್ನು ತಪ್ಪದೆ ವಾಪಸ್ ಪಡೆಯಿರಿ. ಅದು ಅವರ ಬಳಿಯೇ ಉಳಿದು, ನೀವು ಈ ನಡುವೆ ಅದರ ವಿವರವನ್ನೂ ದಾಖಲಿಸಿದ್ದರೆ, ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುತ್ತದೆ. ಚೆಕ್ ಕೈಗೆ ಬರುವುದು ತಡವಾದರೆ ಆ ಸಂಖ್ಯೆಗೆ ಸ್ಟಾಪ್ ಪೇಮೆಂಟ್ ಹಾಕಿಬಿಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ದಾಖಲಾಗದ ದೊಡ್ಡ ಚೆಕ್ ಬಂದಾಗ ಕೆಲವು ಶಾಖೆಗಳು ಖಾತೆದಾರರಿಗೆ ಫೋನ್ ಮಾಡಿ ಕೇಳುವುದುಂಟು. ಅದೇ ನೆಪದಲ್ಲಿ ‘ಪಾಸಿಟಿವ್ ಪೇ ಆಗಿಲ್ಲ, ಒಟಿಪಿ ಹೇಳಿ, ನಾವೇ ಮಾಡುತ್ತೇವೆ’ ಎಂದು ವಂಚಕರೂ ಕರೆ ಮಾಡಬಹುದು, ಲಿಂಕ್ ಕಳಿಸಬಹುದು. ಪಾಸಿಟಿವ್ ಪೇಗೆ ಬರುವ ಒಟಿಪಿಯನ್ನು ನೀವೇ ತೆರೆದ ಆ್ಯಪ್ ಅಥವಾ ನೆಟ್ ಬ್ಯಾಂಕಿಂಗ್ ಪುಟದಲ್ಲಿ ಮಾತ್ರ ಹಾಕಿ, ಬಾಯಲ್ಲಿ ಯಾರಿಗೂ ಹೇಳಬೇಡಿ. ಅಂಥ ಕರೆ ಬಂದರೆ ಇಟ್ಟುಬಿಟ್ಟು, ಪಾಸ್‌ಬುಕ್ಕಿನಲ್ಲಿರುವ ಶಾಖೆಯ ಸಂಖ್ಯೆಗೆ ನೀವೇ ಫೋನ್ ಮಾಡಿ ‘ನನ್ನ ಖಾತೆಗೆ ಯಾವುದಾದರೂ ಚೆಕ್ ಬಂದಿದೆಯೇ’ ಎಂದು ಕೇಳಿ. ನೀವು ಬರೆಯದ ಚೆಕ್ ಬಂದಿದೆ ಎಂದು ಅವರು ಹೇಳಿದರೆ ‘ಕೊಡಬೇಡಿ’ ಎಂದು ಅಲ್ಲೇ ತಿಳಿಸಿ, ಲಿಖಿತವಾಗಿಯೂ ಕೊಡಿ, ಮತ್ತು ನಿಮ್ಮ ಚೆಕ್ ಬುಕ್ಕಿನ ಹಾಳೆಗಳನ್ನು ಅದೇ ದಿನ ಎಣಿಸಿ ನೋಡಿ.